ಐದು ಹಂತದ ಸಮ್ಮತಿ ದತ್ತಾಂಶ: ಕ್ರಮಸೂಚಕ ವಿಶ್ಲೇಷಣೆ

ಒಂದು ಹೇಳಿಕೆಯನ್ನು ಕೊಟ್ಟು, ‘ಖಂಡಿತ ಒಪ್ಪುವುದಿಲ್ಲ’ ಎಂಬಲ್ಲಿಂದ ‘ಪೂರ್ತಿ ಒಪ್ಪುತ್ತೇನೆ’ ಎಂಬವರೆಗಿನ ಐದು ಹಂತಗಳಲ್ಲಿ ಪಡೆದ ಉತ್ತರಗಳನ್ನು ಕ್ರಮದ ಆಧಾರದಲ್ಲಷ್ಟೇ ಅಳೆಯುವ ವಿಧಾನ. ಇಂಥ ಪ್ರಶ್ನಾವಳಿಯನ್ನು ಅಮೆರಿಕದ ಮನೋವಿಜ್ಞಾನಿ ರೆನ್ಸಿಸ್ ಲಿಕರ್ಟ್ 1932ರಲ್ಲಿ ರೂಪಿಸಿದ. ಅವನು ಹಲವು ಹೇಳಿಕೆಗಳ ಅಂಕಗಳನ್ನು ಕೂಡಿಸುತ್ತಿದ್ದ. ಇಲ್ಲಿಯ ಚರ್ಚೆ ಒಂದೇ ಹೇಳಿಕೆಯ ಉತ್ತರಗಳಿಗೆ ಸಂಬಂಧಿಸಿದ್ದು.

ಉತ್ತರಗಳಿಗೆ 1ರಿಂದ 5ರವರೆಗೆ ಅಂಕಿ ಕೊಡುವುದು ರೂಢಿ. 4 ಎಂಬುದು 3ಕ್ಕಿಂತ ಹೆಚ್ಚಿನ ಒಪ್ಪಿಗೆ ಎನ್ನುವುದು ನಿಜ. ಆದರೆ 3ರಿಂದ 4ಕ್ಕಿರುವ ದೂರವೇ 4ರಿಂದ 5ಕ್ಕೂ ಇದೆ ಎನ್ನಲು ಆಧಾರವಿಲ್ಲ. ಸರಾಸರಿ ತೆಗೆದವರು ಈ ಸಮದೂರವನ್ನು ಸದ್ದಿಲ್ಲದೆ ಒಪ್ಪಿಕೊಂಡಿರುತ್ತಾರೆ. ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಮಾಪನಗಳನ್ನು ವರ್ಗೀಕರಿಸಿದಾಗ ಕ್ರಮಸೂಚಕ ಮಾಪನಕ್ಕೆ ಮಧ್ಯಾಂಕವೇ ತಕ್ಕದ್ದೆಂದ. 5ರ ಬದಲು 10 ಎಂದು ಬರೆದರೂ ಮಧ್ಯದ ವ್ಯಕ್ತಿಯ ಉತ್ತರ ಬದಲಾಗದು, ಸರಾಸರಿ ಬದಲಾಗುತ್ತದೆ.

ಎರಡು ಗುಂಪುಗಳನ್ನು ಹೋಲಿಸಲು ಮನ್–ವಿಟ್ನಿ ಪರೀಕ್ಷೆ (1947) ಬಳಕೆಯಲ್ಲಿದೆ. ಕಾಲ್ಪನಿಕ ಉದಾಹರಣೆಯೊಂದನ್ನು ನೋಡಬಹುದು. ಬೆಳಗಿನ ತರಗತಿಯ ಒಂಬತ್ತು ಮಂದಿಯ ಉತ್ತರ 2, 3, 4, 4, 4, 4, 4, 5, 5. ಸಂಜೆಯವರದು 1, 2, 2, 3, 3, 3, 4, 4, 5. ಮಧ್ಯಾಂಕಗಳು ಕ್ರಮವಾಗಿ 4 ಮತ್ತು 3. ಈಗ ಹದಿನೆಂಟನ್ನೂ ಒಟ್ಟಿಗೆ ಏರಿಕೆಯಲ್ಲಿ ಜೋಡಿಸಿ ರ‍್ಯಾಂಕ್ ಕೊಡಬೇಕು. ಒಂದೇ ಉತ್ತರ ಕೊಟ್ಟವರು ತಮ್ಮ ರ‍್ಯಾಂಕ್‌ಗಳನ್ನು ಸಮನಾಗಿ ಹಂಚಿಕೊಳ್ಳುತ್ತಾರೆ: ‘4’ ಎಂದ ಏಳು ಮಂದಿ 9ರಿಂದ 15ನೆಯ ಸ್ಥಾನದಲ್ಲಿರುವುದರಿಂದ ಪ್ರತಿಯೊಬ್ಬರಿಗೂ 12. ಬೆಳಗಿನವರ ರ‍್ಯಾಂಕ್ ಮೊತ್ತ 103.5. ಅದರಿಂದ, ಒಂಬತ್ತು ಮಂದಿಗೆ ಬರಬಹುದಾದ ಕನಿಷ್ಠ ಮೊತ್ತ 45ನ್ನು ಕಳೆದರೆ U = 58.5.

ಈ ಸಂಖ್ಯೆಗೆ ನೇರ ಅರ್ಥವಿದೆ. ಬೆಳಗಿನ ಒಬ್ಬರನ್ನೂ ಸಂಜೆಯ ಒಬ್ಬರನ್ನೂ ಜೋಡಿಸಿದರೆ 81 ಜೋಡಿಗಳಾಗುತ್ತವೆ. ಸಮಬಲದ ಜೋಡಿಯನ್ನು ಅರ್ಧವೆಂದು ಎಣಿಸಿದರೆ 58.5ರಲ್ಲಿ, ಅಂದರೆ ಶೇ. 72ರಷ್ಟರಲ್ಲಿ, ಬೆಳಗಿನವರ ಒಪ್ಪಿಗೆ ಮೇಲು. ವರದಿಯಲ್ಲಿ ಪಿ-ಮೌಲ್ಯಕ್ಕಿಂತ ಮೊದಲು ಬರೆಯಬೇಕಾದದ್ದು ಇದನ್ನೇ. ಸಮಾನ ರ‍್ಯಾಂಕ್‌ಗಳ ತಿದ್ದುಪಡಿಯೊಂದಿಗೆ ಇಲ್ಲಿನ ಪಿ-ಮೌಲ್ಯ ಸುಮಾರು 0.1. ವ್ಯತ್ಯಾಸ ಕಣ್ಣಿಗೆ ದೊಡ್ಡದಾಗಿ ಕಂಡರೂ ಇಷ್ಟು ಚಿಕ್ಕ ಗುಂಪುಗಳಿಂದ ಅದನ್ನು ಸ್ಥಾಪಿಸಲಾಗದು.

ಮಧ್ಯಾಂಕಕ್ಕೂ ಮಿತಿಯಿದೆ. ಎಲ್ಲರೂ 3 ಎಂದ ಗುಂಪಿಗೂ, 1 ಮತ್ತು 5ರ ನಡುವೆ ಒಡೆದುಹೋದ ಗುಂಪಿಗೂ ಅದು 3 ಆಗಿರಬಹುದು. ಆದ್ದರಿಂದ ಪ್ರತಿ ಹಂತದ ಎಣಿಕೆಯನ್ನೂ ಜೊತೆಗೆ ಕೊಡಬೇಕು. ಮನ್–ವಿಟ್ನಿಯನ್ನು ಮಧ್ಯಾಂಕಗಳ ಪರೀಕ್ಷೆ ಎನ್ನುವುದೂ ಸಾಮಾನ್ಯ ತಪ್ಪು. ಎರಡೂ ಹಂಚಿಕೆಗಳ ಆಕಾರ ಒಂದೇ ಆಗಿದ್ದಾಗ ಮಾತ್ರ ಅದನ್ನು ಹಾಗೆ ಓದಬಹುದು.

ಅದೇ ವ್ಯಕ್ತಿಗಳನ್ನು ಮೊದಲೂ ಆಮೇಲೂ ಕೇಳಿದ್ದರೆ ಮನ್–ವಿಟ್ನಿ ಸಲ್ಲದು. ಆಗ ಹಲವರು ವಿಲ್ಕಾಕ್ಸನ್ ಚಿಹ್ನೆ-ರ‍್ಯಾಂಕ್ ಪರೀಕ್ಷೆಗೆ ಹೋಗುತ್ತಾರೆ. ಅದು ಒಬ್ಬೊಬ್ಬರ ಎರಡು ಉತ್ತರಗಳ ಅಂತರವನ್ನು ಲೆಕ್ಕಹಾಕಿ ರ‍್ಯಾಂಕ್ ಮಾಡುವುದರಿಂದ, ಬಾಗಿಲಲ್ಲಿ ತಡೆದ ಸಮದೂರದ ಊಹೆ ಹಿತ್ತಿಲಿಂದ ಒಳಬಂದಂತೆ. ಏರಿದವರು ಎಷ್ಟು, ಇಳಿದವರು ಎಷ್ಟು ಎಂದಷ್ಟೇ ಎಣಿಸುವ ಚಿಹ್ನೆ ಪರೀಕ್ಷೆಯ ಶಕ್ತಿ ಸಾಮಾನ್ಯವಾಗಿ ಕಡಿಮೆ. ಆದರೆ ಅದಕ್ಕೆ ಆ ಊಹೆ ಬೇಕಿಲ್ಲ.