ವ್ಯಾಕರಣ ಶುದ್ಧಿ ಮತ್ತು ಇ-ಅಂಚೆಯ ಮೋಸ

ಅಪರಿಚಿತ ಇ-ಅಂಚೆಯನ್ನು ಅದರ ಭಾಷೆಯಿಂದಲೇ ತೂಗಿ ನೋಡುವುದು ನಿಮಗೂ ರೂಢಿಯಾಗಿರಬಹುದು. ಕಾಗುಣಿತ ತಪ್ಪಿದ್ದರೆ ಮೋಸ, ಶುದ್ಧವಾಗಿದ್ದರೆ ನಿಜ. ಈ ಅಳತೆಗೋಲು ಮೊದಲು ಏಕೆ ಕೆಲಸ ಮಾಡುತ್ತಿತ್ತು ಎಂಬುದನ್ನು ತಿಳಿದರೆ, ಈಗ ಏಕೆ ಸೋತಿದೆ ಎಂಬುದೂ ಸ್ಪಷ್ಟವಾಗುತ್ತದೆ.

ಹಲವು ವಂಚಕರು ತಮ್ಮದಲ್ಲದ ಭಾಷೆಯಲ್ಲಿ ಬರೆಯುತ್ತಿದ್ದರು. ಇದು ಮೊದಲ ಕಾರಣ. ಎರಡನೆಯದನ್ನು 2012ರಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಕಾರ್ಮಾಕ್ ಹರ್ಲಿ ವಿವರಿಸಿದರು. 'ನೈಜೀರಿಯಾದ ರಾಜಕುಮಾರ'ನಂಥ ನಂಬಲಾಗದ ಕಥೆಯಿಂದ ವಂಚಕನಿಗೇ ಲಾಭವಿತ್ತು. ಅದು ಜಾಣರನ್ನು ಮೊದಲೇ ದೂರವಿಡುತ್ತಿತ್ತು. ಒರಟು ಭಾಷೆಗೂ ಇದೇ ತರ್ಕವನ್ನು ವಿಸ್ತರಿಸಬಹುದು.

ಒಂದು ಲೆಕ್ಕ ಹಾಕೋಣ. ನಯವಾದ ಪತ್ರಕ್ಕೆ 1000 ಮಂದಿ ಉತ್ತರಿಸಿ, ಕೊನೆಗೆ 10 ಮಂದಿ ಹಣ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಒರಟು ಪತ್ರಕ್ಕೆ 40 ಮಂದಿ ಉತ್ತರಿಸಿ, 8 ಮಂದಿ ಕೊಡುತ್ತಾರೆ. ಪ್ರತಿಯೊಬ್ಬರೊಡನೆ ವಾರಗಟ್ಟಲೆ ಪತ್ರ ವ್ಯವಹಾರ ನಡೆಸಬೇಕಾದ ವಂಚಕನಿಗೆ ಎರಡನೆಯದೇ ಲಾಭಕರ. ಆದರೆ ಒಂದೇ ಕೊಂಡಿ ಒತ್ತಿಸಿ ಗುಪ್ತಪದ ಕದಿಯುವ ಪತ್ರಗಳಿಗೆ ಈ ವಾದ ಅಷ್ಟಾಗಿ ಹೊಂದದು. ಅಲ್ಲಿ ಮಾತುಕತೆಯ ವೆಚ್ಚವೇ ಇಲ್ಲ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತ ಮೇಲೆ ಎರಡೂ ಕಾರಣಗಳು ಸಡಿಲವಾದವು. ಇಂಥ ಭಾಷಾ ಮಾದರಿಗಳು ಅಪಾರ ಪಠ್ಯದಿಂದ ಕಲಿತು, ಮುಂದೆ ಯಾವ ಪದ ಬರಬಹುದೆಂಬ ಸಂಭವನೀಯತೆಯನ್ನು ಗಣಿಸುತ್ತ ವಾಕ್ಯ ಕಟ್ಟುತ್ತವೆ. ಆದ್ದರಿಂದ ಶುದ್ಧ ವಾಕ್ಯ ಅವುಗಳಿಗೆ ಸಹಜ. ಹೇಳಿದ್ದು ಸತ್ಯವೇ ಎಂಬುದು ಬೇರೆ ಮಾತು. ಸಾವಿರ ಮಂದಿಗೆ ಉತ್ತರ ಬರೆಯುವ ಶ್ರಮವನ್ನೂ ಯಂತ್ರವೇ ಹೊತ್ತರೆ, ಮೇಲಿನ ಲೆಕ್ಕದಲ್ಲಿ ನಯವಾದ ಪತ್ರವೇ ಗೆಲ್ಲುತ್ತದೆ. ಪತ್ರ ಕನ್ನಡದಲ್ಲಿದೆ ಎಂಬುದೂ ಈಗ ಭರವಸೆಯಲ್ಲ.

ಹಾಗಾದರೆ ಏನನ್ನು ನೋಡಬೇಕು? ಕಳುಹಿಸಿದವರ ಹೆಸರು ಸಾಲದು. 1982ರಲ್ಲಿ ರೂಪುಗೊಂಡ ಇ-ಅಂಚೆಯ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಆ ಹೆಸರನ್ನು ಪರೀಕ್ಷಿಸುವ ಏರ್ಪಾಡಿರಲಿಲ್ಲ. ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆದಂತೆ. 2007ರಲ್ಲಿ ಪ್ರಕಟವಾದ ಡಿಕಿಮ್ ಎಂಬ ಗಣಕ ಸಹಿ, ಪತ್ರಕ್ಕೆ ಯಾವ ಜಾಲನಾಮ ಹೊಣೆ ಎಂಬುದನ್ನು ದೃಢಪಡಿಸುತ್ತದೆ. ಆ ಜಾಲನಾಮವನ್ನು ವಂಚಕನೇ ಕೊಂಡಿದ್ದರೂ ಸಹಿ ಸರಿಯಾಗಿಯೇ ಇರುತ್ತದೆ!

ಆದ್ದರಿಂದ ಜಾಲನಾಮವನ್ನೇ ಓದಬೇಕು, ಅದೂ ಬಲದಿಂದ ಎಡಕ್ಕೆ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರೊಳಗೆ `bank.in` ವಲಯಕ್ಕೆ ಬರುವಂತೆ ನಮ್ಮ ಬ್ಯಾಂಕುಗಳಿಗೆ ಸೂಚಿಸಿತ್ತು. ಒಂದು ಕಾಲ್ಪನಿಕ ಉದಾಹರಣೆ ನೋಡಿ:

```
nammabank.bank.in
nammabank.bank.in.refund.example
```

ಎರಡರಲ್ಲೂ ಬ್ಯಾಂಕಿನ ಹೆಸರಿದೆ. ಆದರೆ ಎರಡನೆಯದರ ಒಡೆಯ `refund.example` ಅನ್ನು ನೋಂದಾಯಿಸಿದವನು. ಎಡಗಡೆಯ ಭಾಗವನ್ನು ಅವನು ತನಗೆ ತೋಚಿದಂತೆ ಬರೆಯಬಲ್ಲ. ಸಂದೇಹ ಉಳಿದರೆ ಕೊಂಡಿಯನ್ನು ಒತ್ತದೆ, ಪಾಸ್‌ಬುಕ್ಕಿನಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ವಿಚಾರಿಸಿ.