ಬಿಲ್ ಕಳಿಸಿದ್ರಿ ಸರಿ, ಅವರ ಹತ್ರ ಓಪನ್ ಆಯ್ತಾ?

ಪ್ರತಿ ತಿಂಗಳು ಜಿಎಸ್‌ಟಿ ಕಟ್ಟುವ ಅಂಗಡಿಯವರಿಗೆ 3ಬಿ ರಿಟರ್ನ್ ಸಲ್ಲಿಸಲು 20ನೇ ತಾರೀಕು ಕೊನೆ ದಿನ. ಕಟ್ಟಬೇಕಾದ ತೆರಿಗೆ ಇದ್ದು ತಡವಾದರೆ ದಿನಕ್ಕೆ 50 ರೂ. ಲೇಟ್ ಫೀ, ಜೊತೆಗೆ ಬಡ್ಡಿ. ತಾಲ್ಲೂಕಿನ ಹಾರ್ಡ್‌ವೇರ್ ಅಂಗಡಿ ಮಾಲೀಕರೊಬ್ಬರು 18ಕ್ಕೇ ಖರೀದಿ ಬಿಲ್‌ಗಳ ಡ್ರೈವ್ ಲಿಂಕ್ ಅನ್ನು ಆಡಿಟರ್‌ಗೆ ಕಳಿಸಿ ನಿಶ್ಚಿಂತೆಯಿಂದ ಇದ್ದರು. ಆಡಿಟರ್ ಲಿಂಕ್ ಒತ್ತಿದಾಗ ಬಂದಿದ್ದು `Request access`. ಅನುಮತಿ ಕೇಳಿದ ಮೇಲ್ ಅನ್ನು ಇವರು ನೋಡಿದ್ದು 22ಕ್ಕೆ!

ಲಿಂಕ್ ಮಾಡಿದ ಕೂಡಲೇ ಅದು `Restricted` ಆಗಿರುತ್ತೆ, ಅಂದ್ರೆ ನಿಮಗೆ ಮಾತ್ರ ಕಾಣುತ್ತೆ. `Share` ಒತ್ತಿ ಆಡಿಟರ್‌ರ ಇಮೇಲ್ ಸೇರಿಸಿ, `Viewer` ಅಂತ ಇಟ್ಟರೆ ಅವರಿಗೆ ತೆರೆಯುತ್ತೆ. `Anyone with the link` ಕೊಟ್ಟರೆ ಲಿಂಕ್ ಸಿಕ್ಕವರೆಲ್ಲ ನೋಡಬಹುದು, ಹಾಗಾಗಿ ಆಧಾರ್, ಪ್ಯಾನ್ ಇರುವ ಫೈಲಿಗೆ ಅದು ಬೇಡ.

ಅಸಲಿಗೆ ಹತ್ತಿಪ್ಪತ್ತು ಬಿಲ್‌ಗೆ ಲಿಂಕೇ ಬೇಕಿಲ್ಲ. ಡ್ರೈವ್ ಆ್ಯಪ್‌ನ ಸ್ಕ್ಯಾನ್‌ನಲ್ಲಿ ಒಂದೊಂದಾಗಿ ಬಿಲ್ ಹಿಡಿದು ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ. ಅದು ಮೊಬೈಲು, ಕಂಪ್ಯೂಟರ್ ಎರಡರಲ್ಲೂ ತೆರೆಯುತ್ತೆ, ಪುಟಗಳೂ ನೀವಿಟ್ಟ ಕ್ರಮದಲ್ಲೇ ಇರುತ್ತವೆ. ನುಡಿ, ಬರಹದಲ್ಲಿ ಟೈಪ್ ಮಾಡಿದ ಅರ್ಜಿಯನ್ನೂ ಪಿಡಿಎಫ್ ಮಾಡಿಯೇ ಕಳಿಸಿ. ವರ್ಡ್ ಫೈಲ್ ಆಗಿಯೇ ಹೋದರೆ, ಆ ಫಾಂಟ್ ಇಲ್ಲದ ಕಡೆ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳು ಕಾಣಬಹುದು. ಜಿಮೇಲ್‌ನಲ್ಲಿ ಲಗತ್ತಿಗೆ 25 ಎಂಬಿ ಮಿತಿ ಇದೆ. ಅದನ್ನು ದಾಟಿದಾಗ ಮಾತ್ರ ಲಿಂಕ್ ಯೋಚಿಸಿ.

ಜಿಪ್ ಅಂದ್ರೆ ಹಲವು ಫೈಲ್‌ಗಳನ್ನು ಒಂದೇ ಗಂಟು ಕಟ್ಟಿದ ಹಾಗೆ. ಎಕ್ಸೆಲ್ ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್‌ಗಳು ಬೇರೆ ಬೇರೆ ಫೈಲ್ ಆಗಿಯೇ ಹೋಗಬೇಕು, ಪಡೆಯುವವರು ಕಂಪ್ಯೂಟರ್ ಮುಂದೆ ಕೂತಿರುತ್ತಾರೆ ಅಂತಾದರೆ ಜಿಪ್ ಅನುಕೂಲ. ಮೊಬೈಲಿನಲ್ಲಿ ನೋಡುವವರಿಗೆ ಗಂಟು ಬಿಚ್ಚುವುದೇ ಒಂದು ಕೆಲಸ. ಸೈಜ್ ಕಡಿಮೆಯಾಗಲಿ ಅಂತ ಫೋಟೋಗಳನ್ನು ಜಿಪ್ ಮಾಡಿ ಪ್ರಯೋಜನವಿಲ್ಲ. ಜೆಪಿಜಿ ಮೊದಲೇ ಕುಗ್ಗಿಸಿದ ಫೈಲು, ಮತ್ತೆ ಅಷ್ಟಾಗಿ ಕುಗ್ಗಲ್ಲ.

ಇನ್ನು ಹೆಸರು. ಆಡಿಟರ್ ಕಂಪ್ಯೂಟರಿನಲ್ಲಿ ಹತ್ತಾರು ಅಂಗಡಿಗಳ `scan001.pdf` ಬಿದ್ದಿರುತ್ತವೆ. ನಿಮ್ಮದು ಯಾವುದು ಅಂತ ಅವರು ಹೇಗೆ ಹುಡುಕಬೇಕು? ಹೀಗೆ ಇಡಿ:

```
2025-06_Purchase_ShreeHardware.pdf
```

ಮೊದಲು ವರ್ಷ, ಆಮೇಲೆ ತಿಂಗಳು ಇದ್ದರೆ ಫೈಲ್‌ಗಳು ತಾವಾಗಿ ತಿಂಗಳ ಸಾಲಿನಲ್ಲಿ ನಿಲ್ಲುತ್ತವೆ. `06/2025` ಅಂತ ಓರೆಗೆರೆ ಹಾಕಬೇಡಿ, ವಿಂಡೋಸ್ ಅದನ್ನು ಹೆಸರಿನಲ್ಲಿ ಒಪ್ಪಲ್ಲ. ತಿದ್ದಿ ಮತ್ತೆ ಕಳಿಸುವಾಗ `final`, `new` ಬೇಡ. ಕೊನೆಗೆ `_v2` ಸೇರಿಸಿ, ಯಾವುದು ಹೊಸದು ಅಂತ ಗೊಂದಲ ಇರಲ್ಲ.

ಲಿಂಕೇ ಕಳಿಸಬೇಕಾಗಿ ಬಂದರೆ, ಕಳಿಸಿದ ದಿನವೇ ಫೋನ್ ಮಾಡಿ "ಸರ್, ಓಪನ್ ಆಯ್ತಾ?" ಅಂತ ಕೇಳಿಬಿಡಿ. ಹಾರ್ಡ್‌ವೇರ್ ಅಂಗಡಿಯವರು ಕೇಳಿದ್ದಿದ್ದರೆ 18ಕ್ಕೇ ಗೊತ್ತಾಗಿರುತ್ತಿತ್ತು.