ಕುರ್ತಾದ ಮೇಲೊಂದು ಬ್ಲೇಜರ್

ಕಾಲೇಜಿನ ವಾರ್ಷಿಕೋತ್ಸವಕ್ಕೋ ಗೆಳೆಯನ ಮದುವೆಗೋ ಹೋದಾಗ ನೀವು ಗಮನಿಸಿರಬಹುದು. ಮೊಣಕಾಲಿನವರೆಗೆ ಇಳಿಬಿಟ್ಟ ಬಿಳಿಯ ಕುರ್ತಾದ ಮೇಲೆ ಕಡುನೀಲಿ ಬ್ಲೇಜರ್ ತೊಟ್ಟು ಒಬ್ಬ ಬರುತ್ತಾನೆ. ಅವನ ಪಕ್ಕದಲ್ಲಿ ಇನ್ನೊಬ್ಬ ಸಾದಾ ಟೀ ಶರ್ಟಿನ ಮೇಲೆಯೇ ಬ್ಲೇಜರ್ ಏರಿಸಿರುತ್ತಾನೆ. ಮನೆಯ ಹಿರಿಯರು, "ಇದೇನು ಅರ್ಧ ಆ ಕಡೆ, ಅರ್ಧ ಈ ಕಡೆ?" ಎಂದು ನಕ್ಕರೂ ನಗಬಹುದು. ಆದರೆ ಆ ಹಿರಿಯರ ಅಜ್ಜನ ಫೋಟೋವನ್ನು ಗೋಡೆಯಿಂದ ಇಳಿಸಿ ನೋಡಿದರೆ, ಕಚ್ಚೆ ಪಂಚೆ, ಅದರ ಮೇಲೊಂದು ಕೋಟು, ತಲೆಗೆ ಜರಿಪೇಟ ಕಾಣುವ ಸಂಭವವೇ ಹೆಚ್ಚು! ಈ ಬೆರಕೆ ಉಡುಪಿಗೆ ನಮ್ಮಲ್ಲಿ ಹಳೆಯ ಚರಿತ್ರೆಯಿದೆ.

ಮೊದಲು ಬ್ಲೇಜರ್‌ನ ಹುಟ್ಟೂರಿಗೆ ಹೋಗೋಣ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಸೇಂಟ್ ಜಾನ್ಸ್ ಕಾಲೇಜಿನ ವಿದ್ಯಾರ್ಥಿಗಳು 1825ರಲ್ಲಿ ಲೇಡಿ ಮಾರ್ಗರೆಟ್ ಬೋಟ್ ಕ್ಲಬ್ ಎಂಬ ದೋಣಿ ಸಂಘವನ್ನು ಕಟ್ಟಿದರು. ಈ ಸಂಘದವರು ತೊಡುತ್ತಿದ್ದುದು ಕೆಂಪು ಫ್ಲಾನಲ್ ಬಟ್ಟೆಯ ಮೇಲಂಗಿ. ಬೆಂಕಿಯಂತೆ ಉರಿಯುವ ಆ ಬಣ್ಣದಿಂದಲೇ ಬ್ಲೇಜರ್ ಎಂಬ ಹೆಸರು ಬಂದಿತು. ಮುಂದೆ ಬಣ್ಣಬಣ್ಣದ ಪಟ್ಟೆಗಳ ಕೋಟುಗಳಿಗೂ ಜನ ಅದೇ ಹೆಸರನ್ನು ಅಂಟಿಸತೊಡಗಿದಾಗ, 1889ರಲ್ಲಿ ಕೇಂಬ್ರಿಜ್‌ನ ಹಳೆಯ ವಿದ್ಯಾರ್ಥಿಯೊಬ್ಬರು ಲಂಡನ್ನಿನ ಡೈಲಿ ನ್ಯೂಸ್ ಪತ್ರಿಕೆಗೆ ಆಕ್ಷೇಪಿಸಿ ಬರೆದರು. ತಮ್ಮ ಕಾಲದಲ್ಲಿ ಆ ಕೆಂಪು ಅಂಗಿಯೊಂದೇ ಬ್ಲೇಜರ್ ಆಗಿತ್ತು ಎಂಬುದು ಅವರ ವಾದ.

ಇಲ್ಲಿ ನೀವು ನೆನಪಿಡಬೇಕಾದುದು ಬಣ್ಣವನ್ನಲ್ಲ, ಬಳಕೆಯನ್ನು. ದೋಣಿ ನಡೆಸುವವನು ಬೆವರಿದ ಮೈಗೆ ಗಾಳಿ ತಾಗದಿರಲೆಂದು, ತೊಟ್ಟಿದ್ದ ಆಟದ ಅಂಗಿಯ ಮೇಲೆಯೇ ಇದನ್ನು ಹಾಕಿಕೊಳ್ಳುತ್ತಿದ್ದ. ಹಗುರ ಬಟ್ಟೆ, ಸಡಿಲ ಹೊಲಿಗೆ. ಅಂದಮೇಲೆ ಟೀ ಶರ್ಟಿನ ಮೇಲೆ ಬ್ಲೇಜರ್ ತೊಡುವ ಹುಡುಗ ಯಾವ ನಿಯಮವನ್ನೂ ಮುರಿಯುತ್ತಿಲ್ಲ. ತಿಳಿಯದೆಯೇ ಹಳೆಯ ನಿಯಮಕ್ಕೆ ಮರಳಿದ್ದಾನೆ, ಅಷ್ಟೆ.

ಬಿಗಿತನ ಬಂದದ್ದು ಸೂಟಿನ ಕೋಟಿನಿಂದ. ಅದರ ಎದೆಯ ಭಾಗದಲ್ಲಿ ಬಟ್ಟೆಯ ಎರಡು ಪದರಗಳ ನಡುವೆ ಕುದುರೆಗೂದಲು ಬೆರೆತ ಕ್ಯಾನ್ವಾಸ್ ಇರುತ್ತದೆ, ಹೆಗಲಿಗೆ ಪ್ಯಾಡು, ಒಳಗೆಲ್ಲ ಲೈನಿಂಗ್. ಮುಂಭಾಗದಲ್ಲಿ ಕಾಲರಿನ ಅಂಚನ್ನು ಹೊರಕ್ಕೆ ಮಡಿಸಿರುವುದರಿಂದ ಎದೆಯ ಮೇಲೆ ಕೆಳಮುಖವಾದ ತ್ರಿಕೋನದಂಥ ಒಂದು ಕಿಟಕಿ ಉಳಿಯುತ್ತದೆ. ಆ ಕಿಟಕಿಯಲ್ಲಿ ಗಂಜಿ ಹಾಕಿದ ಕಾಲರು ಮತ್ತು ಟೈ ಕಾಣಬೇಕೆಂಬುದು ಸೂಟಿನ ಕಟ್ಟಳೆ. ಬೆರಕೆ ಉಡುಪಿನ ಇಡೀ ಚರಿತ್ರೆ ನಡೆದಿರುವುದು ಈ ಪುಟ್ಟ ತ್ರಿಕೋನದಲ್ಲಿ ಏನಿರಬೇಕು ಎಂಬ ಪ್ರಶ್ನೆಯ ಸುತ್ತ ಎಂದರೆ ಅತಿಶಯೋಕ್ತಿಯಲ್ಲ.

ಈಗ ನಮ್ಮ ದೇಶಕ್ಕೆ ಬನ್ನಿ. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತೀಯನೊಬ್ಬ ಏನು ತೊಡಬೇಕೆಂಬುದು ಬರಿಯ ಅಭಿರುಚಿಯ ಮಾತಾಗಿರಲಿಲ್ಲ, ಮರ್ಯಾದೆಯ ಮಾತಾಗಿತ್ತು. 1862ರಲ್ಲಿ ಸೂರತ್ತಿನ ಫೌಜುದಾರಿ ಅದಾಲತ್ತಿನಲ್ಲಿ ಅಸೆಸರ್ ಆಗಿದ್ದ ಮಾಣೆಕ್‌ಜಿ ಕಾವಸ್‌ಜಿ ಎಂಟಿ ಎಂಬವರು ಸೆಷನ್ಸ್ ನ್ಯಾಯಾಧೀಶರ ಮುಂದೆ ಬೂಟು ಕಳಚಲು ಒಪ್ಪಲಿಲ್ಲ. ಹಿರಿಯರ ಮುಂದೆ ಪಾದರಕ್ಷೆ ಬಿಡುವುದು ಭಾರತೀಯರದೇ ಪದ್ಧತಿಯಲ್ಲವೇ ಎಂದು ನ್ಯಾಯಾಧೀಶರ ಹಟ. ಕೊನೆಗೆ ಅವರನ್ನು ಕೋರ್ಟಿನೊಳಕ್ಕೆ ಬಿಡಲಿಲ್ಲ. ಅವರು ಮುಂಬಯಿಯ ಗವರ್ನರರಿಗೆ ಪ್ರತಿಭಟನೆಯ ಪತ್ರ ಬರೆದರು. ಬೂಟು ಬಿಡುವುದು ಮನೆಯಲ್ಲಿ, ದೇವಾಲಯದಲ್ಲಿ. ಕೋರ್ಟು ಮನೆಯೂ ಅಲ್ಲ, ದೇವಾಲಯವೂ ಅಲ್ಲ ಎಂಬುದು ಆಗ ಅನೇಕ ಭಾರತೀಯರು ಮುಂದಿಟ್ಟ ಉತ್ತರ. ಪೂರ್ತಿ ಯುರೋಪಿನ ವೇಷ ಹಾಕಿದರೆ ಮನೆಯವರ ನಿಂದೆ, ಪೂರ್ತಿ ದೇಶೀ ವೇಷದಲ್ಲಿ ಹೋದರೆ ಕಚೇರಿಯಲ್ಲಿ ಸಸಾರ. ಈ ಇಕ್ಕಟ್ಟಿನಲ್ಲಿ ಸಿಕ್ಕಿದವರಲ್ಲಿ ಹಲವರು ಮೈಯನ್ನೇ ಹಂಚಿಬಿಟ್ಟರು. ಸೊಂಟದ ಕೆಳಗೆ ಪಂಚೆ, ಮೇಲೆ ಕೋಟು, ತಲೆಗೆ ಪೇಟ!

ಎಲ್ಲ ಬೆರಕೆಯೂ ನಿಲ್ಲಲಿಲ್ಲ. ರವೀಂದ್ರನಾಥ ಠಾಕೂರರು ತಮ್ಮ ಅಣ್ಣ ಜ್ಯೋತಿರಿಂದ್ರನಾಥರ ಪ್ರಯೋಗವೊಂದನ್ನು ಆತ್ಮಕಥನದಲ್ಲಿ ನಗುತ್ತಲೇ ನೆನೆದಿದ್ದಾರೆ. ಇಡೀ ಭಾರತಕ್ಕೆ ಒಂದೇ ಉಡುಪು ಬೇಕೆಂದು ಅವರು ಪಾಯಿಜಾಮಕ್ಕೆ ಧೋತರದ ನೆರಿಗೆಯಂಥ ಬಟ್ಟೆಯ ತುಂಡೊಂದನ್ನು ಸೇರಿಸಿದರು; ತಲೆಗೆ ಸೋಲಾ ಟೋಪಿ ಮತ್ತು ಪೇಟ ಎರಡನ್ನೂ ಕೂಡಿಸಿದರು. ಹಾಡುಹಗಲಲ್ಲಿ ಅದನ್ನು ತೊಟ್ಟು ಹೊರಟ ಧೈರ್ಯ ಅವರದು, ಆದರೆ ಹಿಂಬಾಲಿಸಿದವರಿಲ್ಲ. ಅವರು ಎರಡು ಉಡುಪುಗಳನ್ನು ಕತ್ತರಿಸಿ ಒಂದಾಗಿ ಹೊಲಿದಿದ್ದರು. ಗೆದ್ದ ಬೆರಕೆಗಳಲ್ಲಿ ಹಾಗಿಲ್ಲ. ಪಂಚೆ ಪಂಚೆಯಾಗಿಯೇ, ಕೋಟು ಕೋಟಾಗಿಯೇ ಉಳಿದಿದೆ.

ಗೆದ್ದ ಬೆರಕೆಗೆ ಒಳ್ಳೆಯ ಉದಾಹರಣೆ ನಮ್ಮ ಹಳೆಯ ಮೈಸೂರಿನದೇ. ವಕೀಲರು, ಮೇಷ್ಟ್ರುಗಳು, ಅಮಲ್ದಾರರು ತೊಡುತ್ತಿದ್ದ ಕ್ಲೋಸ್ ಕೋಟನ್ನು ಜ್ಞಾಪಿಸಿಕೊಳ್ಳಿ. ಕುತ್ತಿಗೆಯವರೆಗೂ ಗುಂಡಿ, ತ್ರಿಕೋನದ ಕಿಟಕಿಯೇ ಇಲ್ಲ. ಒಳಗಿರುವುದು ಗಂಜಿ ಹಾಕಿದ ಶರ್ಟೋ ಹಳೆಯ ಬನಿಯನ್ನೋ ಯಾರಿಗೂ ತಿಳಿಯದು, ಟೈಯ ಗೊಡವೆಯೂ ಇಲ್ಲ. ಕಡಿಮೆ ಸಂಬಳದ ಮೇಷ್ಟ್ರಿಗೆ ಇದು ಎಷ್ಟು ದೊಡ್ಡ ಉಪಕಾರವಾಗಿದ್ದೀತು, ಯೋಚಿಸಿ.

ಬ್ಲೇಜರ್ ಕಿಟಕಿಯನ್ನು ಮುಚ್ಚಲಿಲ್ಲ. ಅದರ ದಾರಿ ಬೇರೆ. 1970ರ ದಶಕದಲ್ಲಿ ಇಟಲಿಯ ಜಾರ್ಜಿಯೊ ಅರ್ಮಾನಿ ಕೋಟಿನ ಒಳಗಿದ್ದ ಪ್ಯಾಡು, ಕ್ಯಾನ್ವಾಸ್, ಲೈನಿಂಗ್‌ಗಳನ್ನು ಕಡಿಮೆ ಮಾಡುತ್ತ ಹೋದರು. ಕೋಟು ಅಂಗಿಯಂತೆ ಮೆತ್ತಗಾಯಿತು. 1984ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಮಿಯಾಮಿ ವೈಸ್ ಎಂಬ ಪತ್ತೇದಾರಿ ಧಾರಾವಾಹಿ ಆರಂಭವಾದಾಗ, ನಟ ಡಾನ್ ಜಾನ್ಸನ್ ಅಂಥ ಮೆತ್ತನೆಯ ಕೋಟನ್ನು ಟೀ ಶರ್ಟಿನ ಮೇಲೆ ತೊಟ್ಟು ಬಂದರು. ಒಂದು ಕಾಲಕ್ಕೆ ಅಮೆರಿಕದ ನಾವಿಕರ ಒಳ ಉಡುಪಾಗಿದ್ದ ಟೀ ಶರ್ಟು ಕಾಲರು ಮತ್ತು ಟೈಗಳ ಜಾಗದಲ್ಲಿ ಕುಳಿತುಬಿಟ್ಟಿತು. ಕುರ್ತಾಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದರ ನೆಟ್ಟಗಿನ ಕಿರುಪಟ್ಟಿಯ ಕಾಲರು ತ್ರಿಕೋನದ ತಲೆಭಾಗವನ್ನು ತಾನೇ ತುಂಬುವುದರಿಂದ ಟೈ ಇಲ್ಲವೆಂಬ ಕೊರತೆ ಕಾಣುವುದಿಲ್ಲ.

ಆದರೆ ನಿಮ್ಮ ಮನೆಯಲ್ಲಿರುವ ಯಾವ ಕೋಟಾದರೂ ಆದೀತೆಂದು ತಿಳಿಯಬೇಡಿ. ಕುರ್ತಾ ನೇರ ತುಂಡುಗಳ ಸಡಿಲ ಉಡುಪು. ಹಳೆಯ ಮಾದರಿಯ ಕುರ್ತಾದ ಕಂಕುಳಲ್ಲಿ ಒಂದು ಚೌಕ ಬಟ್ಟೆಯನ್ನೇ ಸೇರಿಸಿರುತ್ತಾರೆ. ಅಳತೆಗೆ ಬಿಗಿಯಾಗಿ ಹೊಲಿದ ಸೂಟಿನ ಕೋಟನ್ನು ಇದರ ಮೇಲೆ ಏರಿಸಿದರೆ ಆ ಬಟ್ಟೆಯೆಲ್ಲ ಕಂಕುಳಲ್ಲಿ ಮುದ್ದೆಗಟ್ಟುತ್ತದೆ. ಪರೀಕ್ಷೆ ಸುಲಭ. ಕನ್ನಡಿಯ ಮುಂದೆ ನಿಂತು ಕೈ ಎತ್ತಿ ಇಳಿಸಿ. ಕೋಟಿನ ಕಾಲರು ಕತ್ತಿನಿಂದ ದೂರ ಸರಿದು ಮರಳದಿದ್ದರೆ ಕೋಟು ಬಿಗಿ ಎಂದೇ ಅರ್ಥ. ಉದ್ದದ ಲೆಕ್ಕವೂ ಇದೆ. ಬ್ಲೇಜರ್ ಸುಮಾರು 29 ಅಂಗುಲವಿದ್ದು ಕುರ್ತಾ 41 ಅಂಗುಲವಿದ್ದರೆ, ಕೆಳಗೆ ಕಾಣುವ ಒಂದು ಅಡಿ ಬಟ್ಟೆ ಬೇಕೆಂದೇ ತೊಟ್ಟಂತೆ ಕಾಣುತ್ತದೆ. ಕುರ್ತಾ 32 ಅಂಗುಲದ್ದಾದರೆ ಇಣುಕುವ ಮೂರು ಅಂಗುಲ, ಶರ್ಟನ್ನು ಸಿಕ್ಕಿಸಲು ಮರೆತವನಂತೆ ತೋರಿಸುತ್ತದೆ. ಇನ್ನು ಗುಂಡಿ: ನಿಂತಾಗ ಬೇಕಾದರೆ ಮೇಲಿನದೊಂದನ್ನು ಹಾಕಿ, ಕುಳಿತುಕೊಳ್ಳುವ ಮುನ್ನ ಅದನ್ನೂ ಬಿಚ್ಚಿ. ಇಲ್ಲವಾದರೆ ಒಳಗಿನ ಕುರ್ತಾ ಎಳೆದುಕೊಂಡು ಹೊಟ್ಟೆಯ ಮೇಲೆ ನೆರಿಗೆ ಕಟ್ಟುತ್ತದೆ.